ರೇಟ್ ಏರಿದರೆ ಫಿಕ್ಸೆಡ್ ಕೊಡುವವನಿಗೆ ಲಾಭ ಹೇಗೆ? 2022ರ ರೆಪೋ ಏರಿಕೆಯ ಲೆಕ್ಕ

(ಚೆನ್ನೈನ ಕನ್ನಡಿಗರ ಮುಂದೆ ಮಾಡಿದ ವಿಡಿಯೋ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದೆ.)



ಇಲ್ಲಿ ಕೂತಿರೋರಲ್ಲಿ ಅರ್ಧಕ್ಕರ್ಧ ಜನ ಓಎಂಆರ್ ಕಡೆಯಿಂದ ಬಂದಿದ್ದೀರಿ. ಅದರಲ್ಲೂ ಕೆಲವರು ಯಾವುದೋ ಬ್ಯಾಂಕಿನ ಟ್ರೆಜರಿ ಸಿಸ್ಟಮ್ ಮೇಲೆ ಕೆಲಸ ಮಾಡೋರು. ನಾನೂ ಅದೇ ಜಾತಿ. ಹದಿನಾಲ್ಕು ವರ್ಷದಿಂದ ಚೆನ್ನೈನಲ್ಲಿ ಸ್ವಾಪ್ ಲೆಕ್ಕ ಹಾಕೋ ಸಾಫ್ಟ್‌ವೇರ್ ಜೊತೆಗೇ ಸಂಸಾರ. ಹೊಸದಾಗಿ ಟೀಮ್‌ಗೆ ಬಂದ ಹುಡುಗರು ಹುಡುಗಿಯರು ನನ್ನನ್ನ ಕೇಳೋ ಮೊದಲನೇ ಪ್ರಶ್ನೆ ಯಾವಾಗಲೂ ಒಂದೇ. "ಸರ್, ಫಿಕ್ಸೆಡ್ ರೇಟ್ ಕೊಡೋನು ಕೊಡ್ತಾನೇ ಇರ್ತಾನೆ. ರೇಟ್ ಏರಿದ್ರೆ ಅವನಿಗೆ ಲಾಭ ಅಂತ ಡಾಕ್ಯುಮೆಂಟ್‌ನಲ್ಲಿ ಬರೆದಿದೆ. ಕೊಡೋನಿಗೆ ಲಾಭ ಎಲ್ಲಿಂದ ಬರುತ್ತೆ?"

ಒಳ್ಳೇ ಪ್ರಶ್ನೆ. ಇದಕ್ಕೆ ಪುಸ್ತಕದ ಉತ್ತರ ಒಂದು ಸಾಲಿನದು. ಆದರೆ ಆ ಒಂದು ಸಾಲು ಅರ್ಧ ಮಾತ್ರ ಸರಿ. ಇವತ್ತು ಪೂರ್ತಿ ಉತ್ತರ ನೋಡೋಣ. ಅದಕ್ಕೆ ನಮ್ಮೆಲ್ಲರ ಹೋಮ್ ಲೋನ್ ಇಎಂಐ ಮೇಲೆ ಬರೆ ಹಾಕಿದ ಕಾಲವನ್ನೇ ತಗೊಳ್ತೀನಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕು ರೆಪೋ ರೇಟನ್ನ 4.00ರಿಂದ 6.50ಕ್ಕೆ ಏರಿಸಿದ ಕಾಲ.

ಮೊದಲು, ಸ್ವಾಪ್ ಅಂದ್ರೆ ಏನು

ಇಬ್ಬರ ನಡುವಿನ ಕರಾರು. ಒಬ್ಬ ಹೇಳ್ತಾನೆ: "ನೂರು ಕೋಟಿ ರೂಪಾಯಿ ಮೇಲೆ ಎರಡು ವರ್ಷ ನಾನು ನಿನಗೆ ಶೇಕಡ 5ರಂತೆ ಬಡ್ಡಿ ಕೊಡ್ತೀನಿ. ಏನೇ ಆಗಲಿ, 5ರಿಂದ ಕದಲೋದಿಲ್ಲ." ಇನ್ನೊಬ್ಬ ಹೇಳ್ತಾನೆ: "ಅದೇ ನೂರು ಕೋಟಿ ಮೇಲೆ ನಾನು ನಿನಗೆ ದಿನದಿನದ ಮಾರುಕಟ್ಟೆ ರೇಟಿನಂತೆ ಬಡ್ಡಿ ಕೊಡ್ತೀನಿ." ಮೊದಲನೆಯವನು ಫಿಕ್ಸೆಡ್ ಪೇಯರ್. ಎರಡನೆಯವನು ಫ್ಲೋಟಿಂಗ್ ಪೇಯರ್.

ಇಲ್ಲಿ ಎರಡು ವಿಷಯ ತಲೇಲಿ ಇಟ್ಕೊಳ್ಳಿ. ಒಂದು, ಆ ನೂರು ಕೋಟಿ ಯಾವತ್ತೂ ಕೈ ಬದಲಾಯಿಸಲ್ಲ. ಅದು ಬಡ್ಡಿ ಲೆಕ್ಕ ಹಾಕೋಕೆ ಇಟ್ಟುಕೊಂಡ ಸಂಖ್ಯೆ, ಅಷ್ಟೇ. ಅದಕ್ಕೇ ಅದನ್ನ ನೋಷನಲ್ ಅಂತಾರೆ. ಎರಡು, ಬಡ್ಡಿ ಕೊಡೋ ದಿನ ಇಬ್ಬರೂ ಪೂರ್ತಿ ದುಡ್ಡು ಕಳಿಸಲ್ಲ. ಎರಡನ್ನೂ ಕಳೆದು, ಉಳಿದದ್ದನ್ನ ಯಾರು ಹೆಚ್ಚು ಕೊಡಬೇಕೋ ಅವರು ಮಾತ್ರ ಕೊಡ್ತಾರೆ. ಹಾಗಾಗಿ "ಫಿಕ್ಸೆಡ್ ಪೇಯರ್" ಅನ್ನೋ ಹೆಸರು ನೋಡಿ ಅವನು ಯಾವಾಗಲೂ ಕೊಡ್ತಾನೆ ಅಂದುಕೊಳ್ಳಬೇಡಿ. ಅವನು ಕೊಡೋ ರೇಟ್ ಫಿಕ್ಸೆಡ್. ಅವನ ಅಕೌಂಟ್‌ನಿಂದ ದುಡ್ಡು ಹೊರಗೆ ಹೋಗುತ್ತಾ ಒಳಗೆ ಬರುತ್ತಾ ಅನ್ನೋದು ಆಮೇಲಿನ ಮಾತು.

ನಮ್ಮ ದೇಶದಲ್ಲಿ 1999ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ರೂಪಾಯಿ ಸ್ವಾಪ್‌ಗೆ ನಿಯಮ ತಂತು. ಈಗ ಹೆಚ್ಚು ನಡೆಯೋದು ಓಐಎಸ್ ಅನ್ನೋ ಬಗೆ. ಅದರಲ್ಲಿ ಫ್ಲೋಟಿಂಗ್ ರೇಟ್ ಅಂದ್ರೆ ಮೈಬಾರ್. ಬ್ಯಾಂಕುಗಳು ಒಂದೇ ರಾತ್ರಿಗೆ ಅಡಮಾನ ಇಲ್ಲದೆ ಒಬ್ಬರಿಗೊಬ್ಬರು ಕೊಡೋ ಸಾಲದ ರೇಟು ಅದು. ಎಫ್‌ಬಿಐಎಲ್ ಸಂಸ್ಥೆ ಪ್ರತಿ ಕೆಲಸದ ದಿನ ಪ್ರಕಟಿಸುತ್ತೆ. ಈ ರೇಟು ರೆಪೋದ ಹಿಂದೆ ಮುಂದೆ ಓಡಾಡ್ತಾ ಇರುತ್ತೆ. ಒಂದು ವರ್ಷಕ್ಕಿಂತ ಹೆಚ್ಚಿನ ಓಐಎಸ್‌ನಲ್ಲಿ ಆರು ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ. ಫ್ಲೋಟಿಂಗ್ ಕಡೆ ದಿನದಿನದ ಬಡ್ಡಿ ಚಕ್ರಬಡ್ಡಿಯಾಗಿ ಕೂಡ್ತಾ ಹೋಗುತ್ತೆ.

ಯಾರು ಫಿಕ್ಸೆಡ್ ಕೊಡ್ತಾರೆ, ಯಾಕೆ

ಇದನ್ನ ಅರ್ಥ ಮಾಡಿಕೊಳ್ಳೋಕೆ ಚೆನ್ನೈಗಿಂತ ಒಳ್ಳೇ ಊರಿಲ್ಲ. ಲಾರಿ ಸಾಲ ಕೊಡೋ ಕಂಪನಿಗಳ ಊರು ಇದು. ಸುಂದರಂ ಫೈನಾನ್ಸ್, ಚೋಳಮಂಡಲಂ, ಶ್ರೀರಾಮ್ ಫೈನಾನ್ಸ್, ಎಲ್ಲಾ ಇಲ್ಲಿಯವೇ. ಇವರ ಯಾರ ಲೆಕ್ಕಪುಸ್ತಕವನ್ನೂ ನಾನು ಹೇಳ್ತಾ ಇಲ್ಲ. ಆ ತರಹದ ಒಂದು ಚಿಕ್ಕ ಕಂಪನಿಯನ್ನ ನಾವೇ ಕಲ್ಪಿಸಿಕೊಳ್ಳೋಣ.

ಲಾರಿ ತಗೊಳ್ಳೋ ಮಾಲೀಕನಿಗೆ ಕಂಪನಿ ಸಾಲ ಕೊಡೋದು ಫಿಕ್ಸೆಡ್ ರೇಟಲ್ಲಿ. ಶೇಕಡ 11 ಅಂದ್ರೆ 11. ತಿಂಗಳ ಕಂತು ಎಷ್ಟು ಅಂತ ಅವನಿಗೆ ಮೊದಲ ದಿನವೇ ಗೊತ್ತಿರಬೇಕು. ಡೀಸೆಲ್, ಟೋಲ್, ಟೈರು ಎಲ್ಲಾ ಕಳೆದು ಕೈಯಲ್ಲಿ ಉಳಿಯೋದು ಸ್ವಲ್ಪ. ಆದರೆ ಆ ಸಾಲ ಕೊಡೋಕೆ ಕಂಪನಿ ಬ್ಯಾಂಕಿನಿಂದ ತಂದ ದುಡ್ಡು ಫ್ಲೋಟಿಂಗ್. ರೆಪೋ ಜೊತೆ 3 ಸೇರಿಸಿ ಅಂತ ಇಟ್ಕೊಳ್ಳಿ.

2022ರ ಏಪ್ರಿಲ್‌ನಲ್ಲಿ ರೆಪೋ 4. ಕಂಪನಿಗೆ ದುಡ್ಡಿನ ಖರ್ಚು 7, ಆದಾಯ 11. ನಡುವೆ 4 ಉಳಿಯುತ್ತೆ. ಅದರಲ್ಲಿ ಸಂಬಳ, ಬ್ರಾಂಚ್ ಬಾಡಿಗೆ, ವಸೂಲಾಗದ ಸಾಲ ಎಲ್ಲಾ ತೂಗಬೇಕು. ರೆಪೋ 6.50 ಆದರೆ ಖರ್ಚು 9.50. ಆದಾಯ ಮಾತ್ರ ಅದೇ 11. ಉಳಿಯೋದು ಒಂದೂವರೆ. ಒಂದೂವರೆಯಲ್ಲಿ ಆ ವ್ಯವಹಾರ ನಡೆಯಲ್ಲ. ಇದೇ ಕಂಪನಿಯ ಭಯ.

ಆಗ ಕಂಪನಿ ಬ್ಯಾಂಕಿಗೆ ಹೋಗಿ ಸ್ವಾಪ್ ಮಾಡಿಕೊಳ್ಳುತ್ತೆ. 5 ಫಿಕ್ಸೆಡ್ ಕೊಡುತ್ತೆ, ಫ್ಲೋಟಿಂಗ್ ತಗೊಳ್ಳುತ್ತೆ. ತಗೊಂಡ ಫ್ಲೋಟಿಂಗನ್ನ ಸಾಲದ ಕಡೆ ಕಟ್ಟುತ್ತೆ. ಕೊನೆಗೆ ಉಳಿಯೋ ಖರ್ಚು 5 ಮತ್ತು 3, ಒಟ್ಟು 8. ರೆಪೋ ಎಲ್ಲಿಗೆ ಹೋದರೂ 8. ಲಾರಿಯಿಂದ 11, ಉಳಿಕೆ 3. ಮೊದಲಿಗಿಂತ ಒಂದು ಕಡಿಮೆ, ನಿಜ. ಆದರೆ ಎರಡು ವರ್ಷ ಅಲ್ಲಾಡಲ್ಲ.

ಈಗ ಒಂದು ಪ್ರಶ್ನೆ ಬರಬೇಕು ನಿಮಗೆ. ರೆಪೋ 4 ಇರುವಾಗ ಸ್ವಾಪ್ ರೇಟ್ 5 ಯಾಕೆ? ಈ 5 ಅನ್ನೋದು ನಾನು ಲೆಕ್ಕಕ್ಕೆ ಅಂತ ಇಟ್ಟುಕೊಂಡ ಸಂಖ್ಯೆ. ಆದರೆ ಆಗಿನ ಮಾರುಕಟ್ಟೆಯಲ್ಲೂ ಸ್ವಾಪ್ ರೇಟು ರೆಪೋಗಿಂತ ಮೇಲೇ ಇತ್ತು. ಕಾರಣ ಸರಳ. ಮುಂದಿನ ಎರಡು ವರ್ಷದಲ್ಲಿ ರಾತ್ರಿ ರೇಟು ಸರಾಸರಿ ಎಷ್ಟಿರಬಹುದು ಅಂತ ಮಾರುಕಟ್ಟೆ ಅಂದುಕೊಂಡಿದೆಯೋ, ಹೆಚ್ಚುಕಡಿಮೆ ಅದೇ ಫಿಕ್ಸೆಡ್ ರೇಟು. ರೇಟ್ ಏರುತ್ತೆ ಅನ್ನೋದು ಆಗಲೇ ಎಲ್ಲರಿಗೂ ಗೊತ್ತಿತ್ತು. ಆ ಗೊತ್ತಿರೋ ಏರಿಕೆಗೆ ದುಡ್ಡು 5ರ ಒಳಗೇ ಸೇರಿಹೋಗಿದೆ. ಈ ಮಾತು ಮರೀಬೇಡಿ, ಇದಕ್ಕೆ ಮತ್ತೆ ಬರ್ತೀನಿ.

ದಿನ ಎಣಿಸಿ ಲೆಕ್ಕ

ನಮ್ಮ ಸ್ವಾಪ್ 2022ರ ಏಪ್ರಿಲ್ 6ಕ್ಕೆ ಶುರು. ನೋಷನಲ್ 100 ಕೋಟಿ, ಫಿಕ್ಸೆಡ್ 5.00, ಎರಡು ವರ್ಷ. ಲೆಕ್ಕ ಕಣ್ಣಿಗೆ ಕಾಣಲಿ ಅಂತ ಒಂದು ಸರಳೀಕರಣ ಮಾಡ್ತೀನಿ: ಮೈಬಾರ್ ಪ್ರತಿದಿನ ರೆಪೋದಷ್ಟೇ ಇತ್ತು ಅಂತ ಇಟ್ಕೊಳ್ಳೋಣ. ನಿಜದಲ್ಲಿ ಹಾಗಿರಲಿಲ್ಲ. ಅದರಿಂದ ಏನಾಗುತ್ತೆ ಅಂತ ಕೊನೇಲಿ ಹೇಳ್ತೀನಿ.

ಮೊದಲ ಆರು ತಿಂಗಳು, ಏಪ್ರಿಲ್ 6ರಿಂದ ಅಕ್ಟೋಬರ್ 6, 183 ದಿನ. ಇದರಲ್ಲಿ ರೆಪೋ ನಾಲ್ಕು ಸಲ ಏರಿತು. ಮೇ 4ರಂದು, ಯಾರೂ ಕಾಯದೆ ಇದ್ದ ದಿನ, ಗವರ್ನರ್ ಶಕ್ತಿಕಾಂತ ದಾಸ್ ಬಂದು 4.40 ಅಂದ್ರು. ಜೂನ್ 8ಕ್ಕೆ 4.90. ಆಗಸ್ಟ್ 5ಕ್ಕೆ 5.40. ಸೆಪ್ಟೆಂಬರ್ 30ಕ್ಕೆ 5.90. ಅಂದ್ರೆ 28 ದಿನ 4.00, 35 ದಿನ 4.40, 58 ದಿನ 4.90, 56 ದಿನ 5.40, ಕೊನೆಯ 6 ದಿನ 5.90.

ಕೋಡ್ ಬರೆಯೋರಿಗೆ ಹೀಗೆ:

```python
steps = [(4.00, 28), (4.40, 35), (4.90, 58), (5.40, 56), (5.90, 6)]
f = 1.0
for r, d in steps:
    f *= (1 + r / 100 / 365) ** d
floating = 100 * (f - 1)
fixed = 100 * 5.00 / 100 * 183 / 365
print(floating, fixed, floating - fixed)
```

ಉತ್ತರ ಕೋಟಿಗಳಲ್ಲಿ. ಫ್ಲೋಟಿಂಗ್ ಸುಮಾರು 2.46, ಫಿಕ್ಸೆಡ್ 2.51. ವ್ಯತ್ಯಾಸ ಮೈನಸ್. ಕಂಪನಿ ಬ್ಯಾಂಕಿಗೆ ನಾಲ್ಕೂವರೆ ಲಕ್ಷದ ಹತ್ತಿರ ಕೊಡಬೇಕು.

ಇಲ್ಲಿ ಒಂದು ಕ್ಷಣ ನಿಲ್ಲಿ. ಆರು ತಿಂಗಳಲ್ಲಿ ರೇಟು ಹತ್ತಿರ ಹತ್ತಿರ ಎರಡು ಪರ್ಸೆಂಟ್ ಏರಿದೆ. "ರೇಟ್ ಏರಿದರೆ ಫಿಕ್ಸೆಡ್ ಪೇಯರ್‌ಗೆ ಲಾಭ" ಅಂತ ಪುಸ್ತಕ ಹೇಳುತ್ತೆ. ಆದರೆ ಅಕ್ಟೋಬರ್ 6ರಂದು ದುಡ್ಡು ಹೋದದ್ದು ಕಂಪನಿಯ ಕೈಯಿಂದಲೇ! ಯಾಕೆ? ರೇಟು ಕೊನೆಗೆ 5.90 ಆಯ್ತು ಅನ್ನೋದು ಮುಖ್ಯ ಅಲ್ಲ, ಆ ಆರು ತಿಂಗಳ ಸರಾಸರಿ ಮುಖ್ಯ. ಮೊದಲ ಎರಡು ತಿಂಗಳು 4, 4.40ರಲ್ಲೇ ಕಳೆದುಹೋದವು. ಸರಾಸರಿ ಬಂದದ್ದು ಸುಮಾರು 4.85. ಚಕ್ರಬಡ್ಡಿ ಸೇರಿಸಿದರೂ 5 ಮುಟ್ಟಲಿಲ್ಲ.

ಮುಂದಿನ ಮೂರು ಅವಧಿ ಇದೇ ರೀತಿ ಲೆಕ್ಕ ಹಾಕಿದೆ. ಡಿಸೆಂಬರ್ 7ಕ್ಕೆ ರೆಪೋ 6.25, ಫೆಬ್ರವರಿ 8ಕ್ಕೆ 6.50. ಅಲ್ಲಿಂದ ಸ್ವಾಪ್ ಮುಗಿಯೋವರೆಗೂ ಅಲ್ಲೇ ನಿಂತಿತು.

| ಅವಧಿ ಮುಗಿದ ದಿನ | ದಿನಗಳು | ಫ್ಲೋಟಿಂಗ್ (ಕೋಟಿ) | ಫಿಕ್ಸೆಡ್ (ಕೋಟಿ) | ಕಂಪನಿಗೆ ನಿವ್ವಳ (ಲಕ್ಷ) |
|---|---|---|---|---|
| 6 ಅಕ್ಟೋಬರ್ 2022 | 183 | 2.46 | 2.51 | −4.5 |
| 6 ಏಪ್ರಿಲ್ 2023 | 182 | 3.14 | 2.49 | +65 |
| 6 ಅಕ್ಟೋಬರ್ 2023 | 183 | 3.31 | 2.51 | +80.5 |
| 8 ಏಪ್ರಿಲ್ 2024 | 185 | 3.35 | 2.53 | +81.5 |

ಕೊನೆಯ ಸಾಲಲ್ಲಿ 185 ದಿನ ಯಾಕೆ ಅಂದ್ರೆ, 2024ರ ಏಪ್ರಿಲ್ 6 ಶನಿವಾರ. ಚುಕ್ತಾ ಸೋಮವಾರಕ್ಕೆ ಹೋಗುತ್ತೆ. ಎರಡು ದಿನದ ಬಡ್ಡಿ ಎರಡೂ ಕಡೆ ಸೇರುತ್ತೆ. ಒಂದೇ ಕಡೆ ಸೇರಿಸಿದರೆ ನೂರು ಕೋಟಿಗೆ ಎರಡೂಮುಕ್ಕಾಲು ಲಕ್ಷದಿಂದ ಮೂರೂವರೆ ಲಕ್ಷ ತಪ್ಪು ಬರುತ್ತೆ. ಟೆಸ್ಟಿಂಗ್‌ನಲ್ಲಿ ಇರೋರು ಇದನ್ನ ಬರೆದಿಟ್ಕೊಳ್ಳಿ.

ಒಟ್ಟು ಎರಡು ವರ್ಷದಲ್ಲಿ ಕಂಪನಿಗೆ ಬಂದದ್ದು ಸುಮಾರು 2.22 ಕೋಟಿ. ಮೊದಲ ಸಲ ಕೊಟ್ಟು, ಆಮೇಲಿನ ಮೂರು ಸಲ ತಗೊಂಡ್ರು.

ಲಾಭ ಕಾಣೋ ಎರಡು ಜಾಗ

ಈಗ 2022ರ ಅಕ್ಟೋಬರ್ 6ಕ್ಕೆ ವಾಪಸ್ ಬನ್ನಿ. ಕಂಪನಿಯ ಫೈನಾನ್ಸ್ ಹೆಡ್ ಮುಂದೆ ಒಂದು ಮೇಲ್ ಇದೆ: ಸ್ವಾಪ್ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ಕೊಟ್ಟಿದ್ದೀವಿ. "ರೇಟ್ ಇಷ್ಟು ಏರಿದರೂ ನಾವೇ ಕೊಡಬೇಕಾ? ಈ ಸ್ವಾಪ್ ನಷ್ಟದ್ದು, ಮುಗಿಸಿಬಿಡಿ" ಅಂತ ಅವರು ಹೇಳಿದರೆ?

ಅವರು ನೋಡ್ತಾ ಇರೋದು ಕಳೆದುಹೋದ ಆರು ತಿಂಗಳನ್ನ. ಸ್ವಾಪಿನ ಬೆಲೆ ಇರೋದು ಮುಂದಿನ ಒಂದೂವರೆ ವರ್ಷದಲ್ಲಿ. ಅವತ್ತು ಯಾರಾದರೂ ಹೊಸದಾಗಿ ಒಂದೂವರೆ ವರ್ಷಕ್ಕೆ ಫಿಕ್ಸೆಡ್ ಪೇಯರ್ ಆಗೋಕೆ ಹೋದರೆ 5ಕ್ಕೆ ಸಿಗಲ್ಲ. ಲೆಕ್ಕಕ್ಕೆ 6.50 ಅಂತ ಇಟ್ಕೊಳ್ಳೋಣ. ನಮ್ಮ ಕಂಪನಿ ಹತ್ತಿರ 5ರ ಕರಾರು ಇದೆ. ಹೊಸಬ 6.50 ಕೊಡೋ ಜಾಗದಲ್ಲಿ ಇವರು 5 ಕೊಡ್ತಾರೆ. ಒಂದೂವರೆ ಪರ್ಸೆಂಟ್ ಅಗ್ಗ. ನೂರು ಕೋಟಿಗೆ ಆರು ತಿಂಗಳಿಗೆ 75 ಲಕ್ಷ. ಅಂಥ ಮೂರು ಅವಧಿ ಉಳಿದಿವೆ, ಒಟ್ಟು 2.25 ಕೋಟಿ. ಮುಂದೆ ಬರೋ ದುಡ್ಡನ್ನ ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು 2.11 ಕೋಟಿ. ಬಾಡಿಗೆ ಮನೆ ಲೆಕ್ಕ ಇದು. ನೀವು ಹಳೇ ಬಾಡಿಗೆಗೆ ಅಗ್ರಿಮೆಂಟ್ ಮಾಡಿದ್ದೀರಿ, ಏರಿಯಾದಲ್ಲಿ ಬಾಡಿಗೆ ಏರಿತು, ನಿಮ್ಮ ಹಳೇ ಅಗ್ರಿಮೆಂಟಿಗೇ ಒಂದು ಬೆಲೆ ಬಂತು.

ಅಂದ್ರೆ ನಾಲ್ಕೂವರೆ ಲಕ್ಷ ಕೈಯಿಂದ ಹೋದ ಆ ದಿನವೇ, ಆ ಸ್ವಾಪಿನ ಬೆಲೆ ಎರಡು ಕೋಟಿಗೂ ಹೆಚ್ಚು ಪ್ಲಸ್‌ನಲ್ಲಿತ್ತು. ಫಿಕ್ಸೆಡ್ ಪೇಯರ್‌ನ ಲಾಭ ಎರಡು ಜಾಗದಲ್ಲಿ ಕಾಣುತ್ತೆ. ಕರಾರಿನ ಬೆಲೆಯಲ್ಲಿ ಮೊದಲು ಕಾಣುತ್ತೆ, ಯಾಕಂದ್ರೆ ಅದು ಮುಂದೆ ನೋಡುತ್ತೆ. ಕೈಗೆ ಬರೋ ದುಡ್ಡಿನಲ್ಲಿ ಆಮೇಲೆ ಕಾಣುತ್ತೆ, ಯಾಕಂದ್ರೆ ಅದು ಹಿಂದಿನ ಆರು ತಿಂಗಳು ನೋಡುತ್ತೆ. ನಮ್ಮ ಪಟ್ಟಿ ನೋಡಿ, ಮುಂದಿನ ಮೂರು ಅವಧಿಯಲ್ಲಿ ನಿಜಕ್ಕೂ ಬಂದದ್ದು 2.27 ಕೋಟಿ. 2.25 ಅಂದುಕೊಂಡಿದ್ದರ ಹತ್ತಿರವೇ. ಬೆಲೆಯಾಗಿ ಕಂಡ ಲಾಭವೇ ನಿಧಾನಕ್ಕೆ ದುಡ್ಡಾಗಿ ಬಂತು. ಇವು ಎರಡು ಬೇರೆ ಬೇರೆ ಲಾಭ ಅಲ್ಲ, ಕೂಡಿಸಬೇಡಿ.

ಹಾಗಾದರೆ ಅವತ್ತೇ ಸ್ವಾಪ್ ಮುಗಿಸಿ 2.11 ಕೋಟಿ ಜೇಬಿಗೆ ಹಾಕಿಕೊಂಡರೆ ಆಗಲ್ವಾ? ಆಗುತ್ತೆ. ಆ ವರ್ಷದ ಲಾಭ ಚೆಂದ ಕಾಣುತ್ತೆ. ಆದರೆ ಬ್ಯಾಂಕ್ ಸಾಲ ಹಾಗೇ ಇದೆಯಲ್ಲ! ಮುಂದಿನ ಒಂದೂವರೆ ವರ್ಷ ಆ ಸಾಲಕ್ಕೆ ಹೆಚ್ಚಿಗೆ ಕಟ್ಟಬೇಕಾದದ್ದೂ ಅದೇ 2.27 ಕೋಟಿ. ಇವತ್ತು ತಗೊಂಡದ್ದನ್ನ ನಾಳೆ ಬಡ್ಡಿಯಾಗಿ ಕೊಡ್ತೀರಿ. ಮೇಲಾಗಿ ರೇಟ್ ಇನ್ನೂ ಏರಿದರೆ ತಲೆ ಮೇಲೆ ಸೂರಿಲ್ಲ.

ಇದು ಕಲ್ಪನೆಯ ಮಾತಲ್ಲ. 2023ರ ಮಾರ್ಚ್ 10ಕ್ಕೆ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕ್ ನೆನಪಿದೆಯಲ್ಲ? ಸ್ಟಾರ್ಟಪ್‌ನಲ್ಲಿದ್ದವರು ಆ ವಾರ ಸಂಬಳ ಬರುತ್ತಾ ಇಲ್ವಾ ಅಂತ ಕೂತಿದ್ರಿ. ಆ ಬ್ಯಾಂಕಿನ ಹತ್ತಿರ ದೀರ್ಘಾವಧಿಯ ಫಿಕ್ಸೆಡ್ ಬಾಂಡುಗಳ ರಾಶಿ ಇತ್ತು. ಬಡ್ಡಿ ಏರಿದರೆ ಅವುಗಳ ಬೆಲೆ ಬೀಳುತ್ತೆ. ಅದಕ್ಕೆ ಎದುರಾಗಿ ಇಟ್ಟಿದ್ದ ರಕ್ಷಣೆಯನ್ನ ಅವರು 2022ರಲ್ಲಿ ತೆಗೆದುಹಾಕಿದ್ರು ಅಂತ ಅಮೆರಿಕದ ಫೆಡರಲ್ ರಿಸರ್ವ್‌ನ ಏಪ್ರಿಲ್ 2023ರ ವರದಿಯೇ ಹೇಳುತ್ತೆ. ರೇಟ್ ಇಳಿದರೆ ತೊಂದರೆ ಆಗಬಾರದು ಅಂತ ನೋಡಿದ್ರು, ರೇಟ್ ಏರಿತು. ಬ್ಯಾಂಕ್ ಮುಳುಗೋಕೆ ಇನ್ನೂ ಕಾರಣ ಇದ್ದವು. ಆದರೆ ಮಳೆ ಶುರುವಾದ ಮೇಲೆ ಕೊಡೆ ಮಾರಿದ ಹಾಗಾಯ್ತು ಅದು.

ಅರ್ಧ ಸತ್ಯದ ಇನ್ನರ್ಧ

ಈಗ ಮೊದಲು ಬಿಟ್ಟ ಮಾತಿಗೆ ಬರ್ತೀನಿ. ರೇಟ್ ಏರಿದರೆ ಫಿಕ್ಸೆಡ್ ಪೇಯರ್‌ಗೆ ಲಾಭ ಅನ್ನೋದು ಯಾಕೆ ಅರ್ಧ ಸತ್ಯ?

ಬೇರೆ ಥರ ನಡೆದಿದ್ದರೆ ಅಂತ ನೋಡಿ. ಮೇ 4ಕ್ಕೆ 4.40 ಆಯ್ತು, ಜೂನ್ 8ಕ್ಕೆ 4.90 ಆಯ್ತು, ಅಲ್ಲಿಗೆ ನಿಂತುಬಿಟ್ಟಿತು ಅಂತ ಇಟ್ಕೊಳ್ಳಿ. ರೇಟು ಏರಿದೆ ತಾನೇ? 90 ಬೇಸಿಸ್ ಪಾಯಿಂಟ್, ಅಂದ್ರೆ ಶೇಕಡ 0.90 ಏರಿದೆ. ಲೆಕ್ಕ ಹಾಕಿದರೆ ಮೊದಲ ಅವಧಿಯಲ್ಲಿ ಕಂಪನಿ ಸುಮಾರು 14 ಲಕ್ಷ ಕೊಡುತ್ತೆ. ಆಮೇಲಿನ ಮೂರರಲ್ಲೂ ತಲಾ ಎರಡು ಲಕ್ಷದಷ್ಟು ಕೊಡುತ್ತೆ. 4.90ಕ್ಕೆ ಆರು ತಿಂಗಳ ಚಕ್ರಬಡ್ಡಿ ಸೇರಿದರೂ 4.96 ಆಸುಪಾಸು, 5ಕ್ಕಿಂತ ಕೆಳಗೇ. ಎರಡು ವರ್ಷಕ್ಕೆ ಸುಮಾರು 20 ಲಕ್ಷ ಹೊರಗೆ ಹೋಯ್ತು. ರೇಟ್ ಏರಿತು, ಆದರೂ ಫಿಕ್ಸೆಡ್ ಪೇಯರ್ ಒಂದು ಸಲವೂ ತಗೊಳ್ಳಲಿಲ್ಲ.

ಅದಕ್ಕೇ ಸರಿಯಾದ ಮಾತು ಹೀಗೆ: ಕರಾರು ಮಾಡಿದ ದಿನ ಮಾರುಕಟ್ಟೆ ಎಷ್ಟು ಏರಿಕೆ ನಿರೀಕ್ಷಿಸಿತ್ತೋ, ಅದಕ್ಕಿಂತ ಹೆಚ್ಚು ಏರಿದರೆ ಫಿಕ್ಸೆಡ್ ಪೇಯರ್‌ಗೆ ಲಾಭ. ನಿರೀಕ್ಷೆಯಷ್ಟೇ ಏರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೊದಮೊದಲು ಕೊಡ್ತಾನೆ, ಕೊನೆಕೊನೆಗೆ ತಗೊಳ್ತಾನೆ, ಸರಿಸಮ. ನಿರೀಕ್ಷೆಗಿಂತ ಕಡಿಮೆ ಏರಿದರೆ ಏರಿದ್ದರೂ ನಷ್ಟ. ಪೇಪರ್‌ನಲ್ಲಿ "ರೆಪೋ ಏರಿಕೆ" ಅಂತ ಹೆಡ್‌ಲೈನ್ ನೋಡಿ ಸ್ವಾಪ್ ಬೆಲೆ ಏರಬೇಕಿತ್ತು ಅಂತ ಟಿಕೆಟ್ ಹಾಕೋರಿದ್ದಾರೆ. ಎಲ್ಲರೂ ಕಾಯ್ತಾ ಇದ್ದ ಏರಿಕೆ ಬಂದ ದಿನ ಸ್ವಾಪ್ ರೇಟ್ ಇಳಿದರೂ ಅದು ಬಗ್ ಅಲ್ಲ. ಅದೇ ಮೇ 4ರ ಥರ ಯಾರೂ ಕಾಯದ ಏರಿಕೆ ಬಂದರೆ ಅವತ್ತೇ ಬೆಲೆ ಹಾರುತ್ತೆ.

ಇದು ಹಿಂದಕ್ಕೂ ನಡೆಯುತ್ತೆ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ 6.50ರಿಂದ 5.50ಕ್ಕೆ ಇಳಿಯಿತು. ರೇಟ್ ಮೇಲೇ ಇರುತ್ತೆ ಅಂತ ನಂಬಿ ಅದಕ್ಕೂ ಮುಂಚೆ ಆರೂಕಾಲು, ಆರೂವರೆಗೆ ಫಿಕ್ಸೆಡ್ ಒಪ್ಪಿಕೊಂಡವರು ಪ್ರತಿ ಅವಧಿಯೂ ಕೊಡೋ ಕಡೆಗೆ ಬಂದರು. ಅವರ ಹತ್ತಿರ ಅಷ್ಟೇ ಮೊತ್ತದ ಫ್ಲೋಟಿಂಗ್ ಸಾಲ ಇದ್ದರೆ ಅಳೋಕೆ ಕಾರಣ ಇಲ್ಲ, ಆ ಸಾಲ ಅಗ್ಗ ಆಗಿರುತ್ತೆ. ಸಾಲ ಇಲ್ಲದೆ ಬರೀ ಸ್ವಾಪ್ ಇದ್ದರೆ ಮಾತ್ರ ಅದು ನಿಜವಾದ ನಷ್ಟ.

ಎಲ್ಲಿ ಕೆಡುತ್ತೆ

ನಮ್ಮ ಲಾರಿ ಕಂಪನಿಗೆ ಆ ಸ್ಥಿತಿ ಬರೋ ದಾರಿ ಒಂದಿದೆ. ಲಾರಿ ಸಾಲ ತಿಂಗಳು ತಿಂಗಳು ಕರಗುತ್ತೆ. ಅಸಲು ವಾಪಸ್ ಬಂದ ಹಾಗೆ ಕಂಪನಿ ಬ್ಯಾಂಕಿಗೂ ತೀರಿಸುತ್ತೆ. ಎರಡನೇ ವರ್ಷದ ಹೊತ್ತಿಗೆ ಬ್ಯಾಂಕ್ ಸಾಲ 60 ಕೋಟಿಗೆ ಇಳಿದು, ಸ್ವಾಪ್ ಮಾತ್ರ 100 ಕೋಟಿಯಲ್ಲೇ ನಿಂತಿದ್ದರೆ, ಉಳಿದ 40 ಕೋಟಿ ರಕ್ಷಣೆ ಅಲ್ಲ, ಜೂಜು. 2023ರಲ್ಲಿ ಆ ಜೂಜು ಗೆದ್ದಿರಬಹುದು. 2025ರಲ್ಲಿ ಸೋಲುತ್ತಿತ್ತು. ಅದಕ್ಕೇ ಇಂಥವರು ಕಂತಿನ ಪಟ್ಟಿಯ ಜೊತೆಗೇ ನೋಷನಲ್ ಇಳಿಯೋ ಸ್ವಾಪ್ ಮಾಡಿಕೊಳ್ಳಬೇಕು. ಪ್ರತಿ ಅವಧಿಗೂ ಸಾಲದ ಬಾಕಿ ಮತ್ತು ಸ್ವಾಪ್ ನೋಷನಲ್ ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ತಕ್ಷಣ ಕಾಣುತ್ತೆ.

ಎರಡನೆಯದು, ನಾನು ಮಾಡಿದ ಸರಳೀಕರಣ. ಕಂಪನಿ ಸಾಲಕ್ಕೆ ಕಟ್ಟೋದು ರೆಪೋ ಲೆಕ್ಕದಲ್ಲಿ, ಸ್ವಾಪಿನಿಂದ ತಗೊಳ್ಳೋದು ಮೈಬಾರ್ ಲೆಕ್ಕದಲ್ಲಿ. ಎರಡೂ ಅಣ್ಣತಮ್ಮ, ಆದರೆ ಒಂದೇ ಅಲ್ಲ. 2022ರ ಏಪ್ರಿಲ್‌ನಲ್ಲಿ ಬ್ಯಾಂಕುಗಳ ಹತ್ತಿರ ದುಡ್ಡು ತುಂಬಿ ತುಳುಕುತ್ತಿತ್ತು, ರಾತ್ರಿ ರೇಟು ರೆಪೋಗಿಂತ ಕೆಳಗಿತ್ತು. ಹಾಗಾಗಿ ಮೊದಲ ಅವಧಿಯಲ್ಲಿ ನಿಜಕ್ಕೂ ಕೊಡಬೇಕಾದದ್ದು ನನ್ನ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚೇ. ರೆಪೋ ಹತ್ತು ಪೈಸೆ ಬದಲಾಗದಿದ್ದರೂ ಮೈಬಾರ್ ಕಾಲು ಪರ್ಸೆಂಟ್ ಕೆಳಗೆ ಕೂತರೆ ನೂರು ಕೋಟಿಗೆ ವರ್ಷಕ್ಕೆ 25 ಲಕ್ಷ ಕಂಪನಿ ಮೈಮೇಲೆ. ಈ ಸಂದು ಯಾವ ಸ್ವಾಪಿನಿಂದಲೂ ಪೂರ್ತಿ ಮುಚ್ಚಲ್ಲ. ಬ್ಯಾಂಕಿನ ಸಾಲ ಎಂಸಿಎಲ್‌ಆರ್ ಮೇಲಿದ್ದರೆ ಸಂದು ಇನ್ನೂ ದೊಡ್ಡದು, ಯಾಕಂದ್ರೆ ಅದು ನಿಧಾನಕ್ಕೆ ಏರುತ್ತೆ, ನಿಧಾನಕ್ಕೆ ಇಳಿಯುತ್ತೆ.

ಮೂರನೆಯದು ನಮ್ಮ ಕಡೆಯದು, ಸಿಸ್ಟಮ್‌ನದು. ಮೇಲೆ ತೋರಿಸಿದ ಕೋಡ್‌ನಲ್ಲಿ ಪ್ರತಿದಿನ ಚಕ್ರಬಡ್ಡಿ ಹಾಕಿದ್ದೀನಿ. ನಿಜವಾದ ಓಐಎಸ್‌ನಲ್ಲಿ ಶುಕ್ರವಾರದ ರೇಟು ಸೋಮವಾರದವರೆಗೆ ಮೂರು ದಿನಕ್ಕೆ ಸರಳ ಬಡ್ಡಿಯಾಗಿ ಹೋಗುತ್ತೆ. ವ್ಯತ್ಯಾಸ ಸಣ್ಣದು, ಆದರೆ ಎದುರಿನ ಬ್ಯಾಂಕಿನ ಲೆಕ್ಕದ ಜೊತೆ ತಾಳೆ ಆಗಲ್ಲ. ದೊಡ್ಡ ತಪ್ಪು ಬೇರೆ: ಪೇಯರ್, ರಿಸೀವರ್ ಚಿಹ್ನೆ ತಿರುವುಮುರುವಾಗೋದು. ಅದನ್ನ ಹಿಡಿಯೋಕೆ ಒಂದು ನಿಮಿಷದ ಪರೀಕ್ಷೆ ಇದೆ. ಎಲ್ಲಾ ಮುಂದಿನ ರೇಟುಗಳನ್ನ ಒಂದು ಬೇಸಿಸ್ ಪಾಯಿಂಟ್, ಅಂದ್ರೆ 0.01 ಪರ್ಸೆಂಟ್ ಮೇಲೆತ್ತಿ ಮತ್ತೆ ಬೆಲೆ ಕಟ್ಟಿ. ಫಿಕ್ಸೆಡ್ ಪೇಯರ್‌ನ ಬೆಲೆ ಏರಲೇಬೇಕು. ನಮ್ಮ ನೂರು ಕೋಟಿ, ಎರಡು ವರ್ಷದ ಸ್ವಾಪಿಗೆ ಶುರುವಿನ ದಿನ ಅದು ಸುಮಾರು 1.9 ಲಕ್ಷ ಏರಬೇಕು. ಇಳಿದರೆ ಚಿಹ್ನೆ ತಪ್ಪು. 19 ಸಾವಿರ ಬಂದರೆ ಸೊನ್ನೆ ತಪ್ಪು.

ನಿಮ್ಮ ಹೋಮ್ ಲೋನ್ ಎಲ್ಲಿ ಬಂತು

ಕೊನೆಗೆ ಒಂದು ಮಾತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಹೋಮ್ ಲೋನನ್ನ ಹೊರಗಿನ ಒಂದು ರೇಟಿಗೆ ಕಟ್ಟಬೇಕು ಅಂತ ನಿಯಮ ಬಂತು. ಬಹಳಷ್ಟು ಬ್ಯಾಂಕುಗಳು ರೆಪೋಗೇ ಕಟ್ಟಿದವು. ಶೋಲಿಂಗನಲ್ಲೂರಿನಲ್ಲೋ, ವೈಟ್‌ಫೀಲ್ಡ್‌ನಲ್ಲೋ ಫ್ಲಾಟ್ ತಗೊಂಡು ಅಂಥ ಲೋನ್ ಇಟ್ಟುಕೊಂಡಿರೋ ನೀವು ಫ್ಲೋಟಿಂಗ್ ಪೇಯರ್. 2022ರಲ್ಲಿ ಇಎಂಐ ಏರಿತು, ಇಲ್ಲಾ ತಿಂಗಳುಗಳ ಸಂಖ್ಯೆ ಬೆಳೆಯಿತು. ನಮಗೆ ನಿಮಗೆ ಯಾರೂ ಸ್ವಾಪ್ ಕೊಡಲ್ಲ. ಆದರೆ ಬ್ಯಾಂಕಿನವರು "ಫಿಕ್ಸೆಡ್‌ಗೆ ಬದಲಾಯಿಸಿಕೊಳ್ತೀರಾ" ಅಂತ ಕೇಳಿದಾಗ ಅದು ಇದೇ ಲೆಕ್ಕ. ರೇಟ್ ಏರುತ್ತಾ ಅಂತ ಕೇಳಿಕೊಂಡರೆ ಸಾಲದು. ಅವರು ಹೇಳ್ತಾ ಇರೋ ಫಿಕ್ಸೆಡ್ ರೇಟಿನಲ್ಲಿ ಎಷ್ಟು ಏರಿಕೆ ಆಗಲೇ ಸೇರಿದೆ, ಅದಕ್ಕಿಂತ ಹೆಚ್ಚು ಏರುತ್ತಾ, ಎಷ್ಟು ಬೇಗ ಏರುತ್ತೆ, ಇದನ್ನ ಕೇಳಿಕೊಳ್ಳಿ. ಇವತ್ತಿನ ಫ್ಲೋಟಿಂಗ್‌ಗಿಂತ ಒಂದೂವರೆ ಪರ್ಸೆಂಟ್ ಮೇಲೆ ಫಿಕ್ಸೆಡ್ ಹೇಳಿದರೆ, ರೆಪೋ ಒಂದು ಪರ್ಸೆಂಟ್ ಏರಿ ನಿಂತರೆ ನೀವೇ ಹೆಚ್ಚು ಕಟ್ಟಿದ ಹಾಗೆ.

ಇಷ್ಟೇ ಇವತ್ತು. ಮುಂದಿನ ವಿಡಿಯೋದಲ್ಲಿ ಎದುರಿನ ಬ್ಯಾಂಕಿನ ಕಡೆ ಹೋಗೋಣ. ನಮ್ಮ ಲಾರಿ ಕಂಪನಿಗೆ 2.22 ಕೋಟಿ ಕೊಟ್ಟ ಆ ಬ್ಯಾಂಕು ಅದನ್ನ ಯಾರಿಂದ ತಂದಿತು ಅಂತ ನೋಡೋಣ. ಪ್ರಶ್ನೆ ಇದ್ದವರು ಮೈಕ್ ತಗೊಳ್ಳಿ.